ಹತ್ತು ಹತ್ತು ನಿಮಿಷದ ಟೇಬಲ್

ಜರಗನಹಳ್ಳಿಯ ಬೋರಣ್ಣನವರ ಮೂರು ಗಂಡುಮಕ್ಕಳಲ್ಲಿ ಇಬ್ಬರು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟರು. ನಡುವಿನವನು ಕೆಂಪರಾಜು ಮಾತ್ರ ಕೆಮಿಸ್ಟ್ರಿ ಓದಿದ. ‘ಇವನಿಗೆ ಬೇರೇನೂ ಕೆಲಸ ಇರಲಿಲ್ಲವಾ’ ಎಂದು ಅಣ್ಣ ಇವತ್ತಿಗೂ ನೆಂಟರ ಮುಂದೆ ಹೇಳಿ ನಗುತ್ತಾನೆ. ಕೆಂಪರಾಜು ಮೇಷ್ಟ್ರೂ ನಗುತ್ತಾರೆ. ಜಯನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಸೀಮೆಸುಣ್ಣ ಹಿಡಿದಿರುವ ಮನುಷ್ಯನಿಗೆ ಇನ್ನೊಬ್ಬರ ನಗು ಅಷ್ಟು ಬೇಗ ತಾಗುವುದಿಲ್ಲ.

ಅವರದು ಗಟ್ಟಿ ಮೈ, ಮೆತ್ತನೆ ದನಿ. ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ತುಂಡು ಸೀಮೆಸುಣ್ಣ. ಕಾಲೇಜಿನಲ್ಲಿ ಪ್ರೊಜೆಕ್ಟರ್ ಬಂದು ಎಂಟು ವರ್ಷವಾಯಿತು, ಇವರು ಅದರ ಸ್ವಿಚ್ ಎಲ್ಲಿದೆ ಎಂದೂ ನೋಡಿದವರಲ್ಲ. ಪಾಠ ಮಾತ್ರ ಸೊಗಸು. ಬೇರೆ ಮೇಷ್ಟ್ರುಗಳ ಕ್ಲಾಸಿನಲ್ಲಿ ಫೋನು ನೋಡಿಕೊಂಡು ಕೂರುವ ಹುಡುಗರು ಇವರ ಕ್ಲಾಸಿನಲ್ಲಿ ಫೋನನ್ನು ಬ್ಯಾಗಿಗೆ ಹಾಕುತ್ತಿದ್ದರು. ಅದರಲ್ಲೂ ರಾಸಾಯನಿಕ ಕ್ರಿಯೆಯ ವೇಗದ ಪಾಠ ಬಂದರೆ ಪಕ್ಕದ ಸೆಕ್ಷನ್ನಿನವರೂ ಬಂದು ಹಿಂದಿನ ಬೆಂಚಿನಲ್ಲಿ ತೂರಿಕೊಳ್ಳುತ್ತಿದ್ದರು.

ಆ ಪಾಠ ಅವರು ಶುರು ಮಾಡುತ್ತಿದ್ದುದು ಊಟದಿಂದ.

‘ಒಂದು ಪಿಜಿ ಮೆಸ್ಸಲ್ಲಿ ಎಂಬತ್ತು ಜನ ಊಟಕ್ಕೆ ಕೂತವ್ರೆ ಅಂದ್ಕೊಳ್ಳಿ. ಯಾರಿಗೆ ಮುಗೀತೋ ಅವ್ರು ಎದ್ದು ಹೋಗ್ತಾರೆ, ಇನ್ನೊಬ್ರನ್ನ ಕಾಯಲ್ಲ. ಎಂಬತ್ತು ಜನ ಇದ್ದಾಗ ನಿಮಿಷಕ್ಕೆ ಎಷ್ಟು ಜನ ಏಳ್ತಾರೋ, ನಲವತ್ತು ಜನ ಇದ್ದಾಗ ಅದರರ್ಧ ಏಳ್ತಾರೆ. ಇರೋರು ಅರ್ಧ ಆದ್ರೆ ವೇಗಾನೂ ಅರ್ಧ. ಇದೇ ಫಸ್ಟ್ ಆರ್ಡರ್. ಅದೇ ಬಾಗಿಲಲ್ಲಿ ಒಬ್ಬ ಕೂತು ನಿಮಿಷಕ್ಕೆ ಇಬ್ಬರನ್ನೇ ಬಿಡ್ತಾನೆ ಅಂದ್ರೆ? ಒಳಗೆ ಎಂಬತ್ತಿರ್ಲಿ, ಹತ್ತಿರ್ಲಿ, ಹೊರಗೆ ಹೋಗೋದು ಇಬ್ರೇ. ಅದು ಜೀರೋ ಆರ್ಡರ್. ಯಾವ ಕ್ರಿಯೆ ಯಾವ ಆರ್ಡರ್ ಅಂತ ಸಮೀಕರಣ ನೋಡಿ ಹೇಳಕ್ಕಾಗಲ್ಲ ಕಣ್ರೋ. ಲ್ಯಾಬಲ್ಲಿ ಅಳೆದು, ಟೇಬಲ್ ಹಾಕಿ, ಆಮೇಲೆ ಹೇಳ್ಬೇಕು.’

ಆಮೇಲೆ ಟೇಬಲ್ ಬರುತ್ತಿತ್ತು. ಬೋರ್ಡಿನ ಎಡಗಡೆ ಕಾಲ, ನಿಮಿಷದಲ್ಲಿ: ಸೊನ್ನೆ, ಹತ್ತು, ಇಪ್ಪತ್ತು, ಮೂವತ್ತು. ಬಲಗಡೆ ಸಾರತೆ, ಅಂದರೆ ಲೀಟರಿನಲ್ಲಿ ಇನ್ನೂ ಉಳಿದಿರುವ ಪದಾರ್ಥ, ಮೋಲ್ ಲೆಕ್ಕದಲ್ಲಿ: 0.80, 0.40, 0.20, 0.10. ‘ಏನ್ ಕಾಣ್ತಿದೆ?’ ಎಂದು ಕೇಳಿದರೆ ಇಡೀ ಕ್ಲಾಸು ಒಂದೇ ಉಸಿರಿಗೆ ‘ಅರ್ಧ, ಅರ್ಧ, ಅರ್ಧ!’ ಎನ್ನುತ್ತಿತ್ತು. ‘ಹಂಗಾದ್ರೆ?’ ‘ಫಸ್ಟ್ ಆರ್ಡರ್!’ ಅರ್ಧವಾಗಲು ಹತ್ತು ನಿಮಿಷ, ಸೂತ್ರದಲ್ಲಿರುವ 0.693ನ್ನು ಹತ್ತರಿಂದ ಭಾಗಿಸಿದರೆ ವೇಗದ ಸ್ಥಿರಾಂಕ 0.0693. ಮುಗಿಯಿತು. ಎಂಥ ದಡ್ಡನಿಗೂ ಹತ್ತು ಮಾರ್ಕು ಕೈಗೆ ಬರುತ್ತಿತ್ತು.

ಸೆಕೆಂಡ್ ಆರ್ಡರಿಗೆ ಅವರು ಟೇಬಲ್ ಹಾಕುತ್ತಿರಲಿಲ್ಲ. ಹಿಂದೊಮ್ಮೆ ಹಾಕುತ್ತಿದ್ದರು. ಅಲ್ಲಿ ಹತ್ತು ಹತ್ತು ನಿಮಿಷಕ್ಕೆ ಅಳೆದರೆ 0.80, 0.40, ಆಮೇಲೆ 0.267 ಎಂದು ಮುದ್ದೆಯಲ್ಲಿ ಸಿಕ್ಕ ಗಂಟಿನಂಥ ಸಂಖ್ಯೆ ಬರುತ್ತದೆ. ಹುಡುಗರು ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಒಂದು ವರ್ಷ ಬಿಟ್ಟು ನೋಡಿದರು, ಯಾರೂ ಕೇಳಲಿಲ್ಲ. ಪರೀಕ್ಷೆಯಲ್ಲೂ ಬರಲಿಲ್ಲ. ಸೂತ್ರ ಒಂದನ್ನು ಬರೆಸಿ ಕೈ ತೊಳೆದುಕೊಂಡರು. ರಿಸಲ್ಟು ಮೇಲಕ್ಕೆ ಹೋಯಿತು, ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ಹೆಸರು ಹಿಡಿದು ಹೊಗಳಿದರು. ಹೊಗಳಿಸಿಕೊಂಡ ಪಾಠವನ್ನು ಯಾವ ಮೇಷ್ಟ್ರು ತಾನೇ ಬದಲಾಯಿಸುತ್ತಾನೆ, ಹೇಳಿ.

ಅದೇ ಕಾಲೇಜಿನ ಶಾಲಿನಿ ಎಂಬ ಹುಡುಗಿ ಮೇಷ್ಟ್ರ ಬಳಿ ಬಂದದ್ದು ಹೋದ ಜೂನ್ ತಿಂಗಳಲ್ಲಿ. ಬಿ.ಎಸ್ಸಿ.ಯ ಎಲ್ಲ ಸೆಮಿಸ್ಟರುಗಳೂ ಮುಗಿದಿದ್ದವು, ಎರಡನೇ ಸೆಮಿಸ್ಟರಿನ ಕೆಮಿಸ್ಟ್ರಿ ಒಂದು ಬಿಟ್ಟು. ಆ ಪೇಪರಿಗೆ ಮೂರು ಸಲ ಕೂತು ಮೂರು ಸಲವೂ ಫೇಲು. ಮೊದಲ ಸಲ ಕೂತಾಗ ತಂದೆ ಆಸ್ಪತ್ರೆಯಲ್ಲಿದ್ದರು, ಎರಡನೇ ಸಲಕ್ಕೆ ತಂದೆಯೇ ಇರಲಿಲ್ಲ. ಮೂರನೇ ಸಲಕ್ಕೆ ಹೆದರಿಕೆ ಅಭ್ಯಾಸವಾಗಿಹೋಗಿತ್ತು. ತಾಯಿ ಈಶ್ವರಮ್ಮ ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ ಅಡುಗೆ ಮಾಡುತ್ತಿದ್ದರು.

‘ಸಾರ್, ತಲಘಟ್ಟಪುರದ ಹತ್ರ ಒಂದು ಔಷಧಿ ಕಂಪನೀಲಿ ಟ್ರೈನಿ ಆಗಿದೀನಿ, ಕ್ವಾಲಿಟಿ ಲ್ಯಾಬಲ್ಲಿ,’ ಎಂದಳು ಶಾಲಿನಿ. ‘ಆಗಸ್ಟ್ ಕೊನೆಯೊಳಗೆ ಡಿಗ್ರಿ ಆಗಿದೆ ಅಂತ ಮಾರ್ಕ್ಸ್ ಕಾರ್ಡ್ ತೋರಿಸಿದ್ರೆ ಪರ್ಮನೆಂಟ್ ಮಾಡ್ತಾರಂತೆ. ಇಲ್ಲಾಂದ್ರೆ ಬಿಡಿಸ್ತಾರೆ. ಸಪ್ಲಿಮೆಂಟರಿ ಜುಲೈನಲ್ಲಿದೆ. ಇದೇ ಕೊನೇದು ಸಾರ್.’

‘ಲ್ಯಾಬಲ್ಲಿ ಏನ್ ಮಾಡ್ತೀಯಮ್ಮ?’

‘ತೂಕ ಹಾಕ್ತೀನಿ, ಟೈಟ್ರೇಶನ್ ಮಾಡ್ತೀನಿ, ರಿಜಿಸ್ಟರ್ ಬರೀತೀನಿ. ನನ್ನ ರೀಡಿಂಗ್ ತಪ್ಪಾಗಲ್ಲ ಸಾರ್. ಪೇಪರ್ ಬರೆಯೋಕೆ ಕೂತ್ರೆ ಮಾತ್ರ ಎಲ್ಲಾ ಮರ್ತೋಗುತ್ತೆ.’

ಮೇಷ್ಟ್ರಿಗೆ ಆ ಮಾತು ಹಿಡಿಸಿತು. ಕೈ ಪಳಗಿದ ಮಕ್ಕಳೆಂದರೆ ಅವರಿಗೆ ಮೊದಲಿನಿಂದಲೂ ಒಂದು ಪಕ್ಷಪಾತ. ಶನಿವಾರ ಮಧ್ಯಾಹ್ನ ಖಾಲಿ ಇರುವ ಲ್ಯಾಬಿಗೆ ಬರಹೇಳಿದರು. ಅವಳ ಜೊತೆಗೆ ಇನ್ನೂ ನಾಲ್ಕು ಜನ ಫೇಲಾದವರು ಸೇರಿಕೊಂಡರು. ಕೂತು ಲೆಕ್ಕ ಹಾಕಿದರು: ಅರವತ್ತಕ್ಕೆ ಇಪ್ಪತ್ತನಾಲ್ಕು ಬಂದರೆ ಪಾಸು. ಆರ್ಗ್ಯಾನಿಕ್ ಭಾಗ ಶಾಲಿನಿಯ ತಲೆಗೆ ಹತ್ತುತ್ತಿರಲಿಲ್ಲ, ಅಲ್ಲಿ ಇಲ್ಲಿ ಆರೋ ಏಳೋ ಬರಬಹುದು. ಚಿಕ್ಕ ಪ್ರಶ್ನೆಗಳಲ್ಲಿ ಎಂಟೊಂಬತ್ತು. ಕ್ರಿಯಾವೇಗದ ದೊಡ್ಡ ಪ್ರಶ್ನೆಯ ಹತ್ತು ಪೂರ್ತಿ ಬಂದರೆ ದಡ ಸೇರುತ್ತಾಳೆ. ಅದು ಬಿಟ್ಟರೆ ಇಲ್ಲ.

‘ಆ ಹತ್ತು ನಿನ್ನ ಕೈಲಿದೆ ಅಂತಾನೇ ತಿಳ್ಕೊ,’ ಎಂದರು ಮೇಷ್ಟ್ರು. ‘ಅದಕ್ಕೆ ನಾನು ಗ್ಯಾರಂಟಿ.’

ಐದು ಶನಿವಾರ ಅವಳು ಕಂಪನಿಯಿಂದ ಅರ್ಧ ದಿನದ ರಜೆ ಕೇಳಿ, ಕನಕಪುರ ರಸ್ತೆಯಲ್ಲಿ ಬಸ್ಸು ಹಿಡಿದು, ಊಟ ಮಾಡದೆ ಬಂದಳು. ಪಿಜಿ ಮೆಸ್ಸಿನ ಉದಾಹರಣೆ ಹೇಳಿದಾಗ ನಕ್ಕಳು. ‘ನಮ್ಮಮ್ಮಂಗೆ ಇದು ಗೊತ್ತು ಸಾರ್. ಒಂಬತ್ತು ಗಂಟೆಗೆ ಮೊದಲು ಗುಂಪು ಗುಂಪು ಏಳ್ತಾರೆ, ಆಮೇಲೆ ಒಬ್ಬೊಬ್ರು ಉಳ್ಕೊಂಡು ಪ್ರಾಣ ತಿಂತಾರೆ ಅಂತಾರೆ.’ ಟೇಬಲನ್ನು ಅವಳು ನೋಟ್ ಬುಕ್ಕಿನಲ್ಲಿ ಹನ್ನೆರಡು ಸಲ ಬರೆದಳು, ಸ್ಕೇಲು ಹಿಡಿದು ಗೆರೆ ಹಾಕಿ. ಅವಳ ಟೇಬಲ್ಲಿನಷ್ಟು ಅಚ್ಚುಕಟ್ಟು ಮೇಷ್ಟ್ರದೂ ಇರಲಿಲ್ಲ.

ನಾಲ್ಕನೇ ಶನಿವಾರ ಅವಳು ಒಂದು ಪ್ರಶ್ನೆ ಕೇಳಿದಳು. ಅದು ಸಣ್ಣ ಪ್ರಶ್ನೆ.

‘ಸಾರ್, ನಾವು ಸಾರತೆ ಕಾಲಂ ನೋಡಿ ಅರ್ಧ ಅರ್ಧ ಅಂತ ಹೇಳ್ಬಿಡ್ತೀವಿ. ಟೈಮ್ ಕಾಲಂ ಯಾಕ್ ಬರೀಬೇಕು?’

ಗಂಟೆ ನಾಲ್ಕಾಗಿತ್ತು. ಬೋರ್ಡು ಒರೆಸುತ್ತಿದ್ದ ಮೇಷ್ಟ್ರು ತಿರುಗಿ ನೋಡಿದರು, ನಕ್ಕರು. ‘ಟೇಬಲ್ ಅಂದ್ಮೇಲೆ ಎರಡು ಕಾಲಂ ಇರ್ಬೇಕಲ್ಲಮ್ಮ, ನೋಡಕ್ಕೆ ಚೆಂದ ಅಂತ! ಟೈಮ್ ಬಗ್ಗೆ ತಲೆ ಕೆಡಿಸ್ಕೋಬೇಡ, ಅದು ಯಾವಾಗ್ಲೂ ಹತ್ತು ಹತ್ತೇ.’ ಎಲ್ಲರೂ ನಕ್ಕರು. ಶಾಲಿನಿ ಹೂಂ ಎಂದು ಬುಕ್ಕು ಮುಚ್ಚಿದಳು.

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ಪೇಪರು. ಕೆಂಪರಾಜು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕೂತಿದ್ದರು. ಆ ಕಾಲೇಜಿನಲ್ಲಿ ಒಂದು ಪದ್ಧತಿ: ಪ್ರಶ್ನೆಪತ್ರಿಕೆ ಹೊರಗಿನವರು ತೆಗೆಯುತ್ತಾರೆ, ಮೌಲ್ಯಮಾಪನವೂ ಹೊರಗಿನವರದೇ. ಪತ್ರಿಕೆಯಲ್ಲಿ ಅಚ್ಚಿನ ತಪ್ಪಿದೆ ಎಂದು ಯಾರಾದರೂ ದೂರಿದರೆ ಮಾತ್ರ ಆ ವಿಷಯದ ಮೇಷ್ಟ್ರನ್ನು ಕರೆಸುತ್ತಾರೆ. ಅವರು ನೋಡಬೇಕು, ತಪ್ಪಿದ್ದರೆ ತಿದ್ದುಪಡಿ ಹೇಳಬೇಕು, ಇಲ್ಲದಿದ್ದರೆ ‘ತಪ್ಪಿಲ್ಲ’ ಎಂದು ಹೇಳಿ ರಿಜಿಸ್ಟರಿನಲ್ಲಿ ಸಹಿ ಹಾಕಿ ಹೊರಡಬೇಕು. ಅದಕ್ಕಿಂತ ಒಂದು ಮಾತು ಹೆಚ್ಚು ಆಡುವಂತಿಲ್ಲ.

ಹತ್ತೂವರೆಗೆ ಪರೀಕ್ಷಾ ವಿಭಾಗದ ವಿಜಯಲಕ್ಷ್ಮಿ ಮೇಡಂ ಬಾಗಿಲಿಗೆ ಬಂದರು. ಕನ್ನಡಕದ ದಾರ ಕೊರಳಿಗೆ ಹಾಕಿಕೊಂಡು, ನಿಯಮಾವಳಿಯನ್ನು ಬಾಯಿಪಾಠ ಮಾಡಿಕೊಂಡ ಹೆಂಗಸು.

‘ಸಾರ್, ಸ್ವಲ್ಪ ಬನ್ನಿ. ಆರನೇ ಪ್ರಶ್ನೆಯ ಟೇಬಲ್ ತಪ್ಪು ಪ್ರಿಂಟ್ ಆಗಿದೆ ಅಂತ ಒಂದು ಹುಡುಗಿ ಹೇಳ್ತಿದಾಳೆ.’

ಮೇಷ್ಟ್ರು ಪತ್ರಿಕೆಯನ್ನು ಕಾರಿಡಾರಿನಲ್ಲೇ ಇಸಿದುಕೊಂಡು ನೋಡಿದರು. ಆರನೇ ಪ್ರಶ್ನೆ, ಹತ್ತು ಮಾರ್ಕು. ಸಾರತೆಯ ಸಾಲು: 0.80, 0.40, 0.20, 0.10. ಕಾಲದ ಸಾಲು: 0, 10, 30, 70. ಈ ದತ್ತಾಂಶದಿಂದ ಕ್ರಿಯೆಯ ಆರ್ಡರ್ ಕಂಡುಹಿಡಿಯಿರಿ, ವೇಗದ ನಿಯಮ ಬರೆಯಿರಿ, ಸ್ಥಿರಾಂಕ ಲೆಕ್ಕ ಹಾಕಿರಿ.

ಪತ್ರಿಕೆಯನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿದರು.

ಅಚ್ಚಿನ ತಪ್ಪಲ್ಲ ಅದು. ಮೊದಲ ಅರ್ಧಕ್ಕೆ ಹತ್ತು ನಿಮಿಷ, ಎರಡನೆಯ ಅರ್ಧಕ್ಕೆ ಇಪ್ಪತ್ತು, ಮೂರನೆಯದಕ್ಕೆ ನಲವತ್ತು. ಅರ್ಧವಾಗಲು ಬೇಕಾದ ಕಾಲ ಪ್ರತಿ ಸಲವೂ ದುಪ್ಪಟ್ಟು. ಸೆಕೆಂಡ್ ಆರ್ಡರ್, ಅಪ್ಪಟ ಸೆಕೆಂಡ್ ಆರ್ಡರ್. ಪ್ರಶ್ನೆ ತೆಗೆದ ಪುಣ್ಯಾತ್ಮ ಎಂಥ ಚಂದದ ಟೇಬಲ್ ಹಾಕಿದ್ದಾನೆ! ಕಾಲವನ್ನು ಸಮವಾಗಿ ಇಡಬೇಕೆಂದು ಯಾರು ಹೇಳಿದರು? ಕಾಲವನ್ನು ಹೊಂದಿಸಿಕೊಂಡರೆ ಎರಡನೇ ಆರ್ಡರಿಗೂ ಇಷ್ಟು ಸಲೀಸಾದ ಸಂಖ್ಯೆ ಬರುತ್ತದೆ. ಇಪ್ಪತ್ತಾರು ವರ್ಷದಲ್ಲಿ ತಮಗೇ ಇದು ಹೊಳೆದಿರಲಿಲ್ಲ.

‘ಯಾರು ಮೇಡಂ ಕೇಳಿದ್ದು?’ ಎಂದರು. ಕೇಳಬೇಕಾಗಿರಲಿಲ್ಲ.

ಹಾಲಿನ ಬಾಗಿಲಲ್ಲಿ ನಿಂತಾಗ ಮೂರನೇ ಸಾಲಿನಿಂದ ಶಾಲಿನಿ ತಲೆಯೆತ್ತಿದಳು. ಮೇಷ್ಟ್ರನ್ನು ಕಂಡದ್ದೇ ಅವಳ ಮುಖ ಅರಳಿತು. ಮಿಕ್ಕ ನಾಲ್ವರೂ ಪೆನ್ನು ನಿಲ್ಲಿಸಿ ನೋಡಿದರು. ಶನಿವಾರದ ಲ್ಯಾಬೇ ಅಲ್ಲಿಗೆ ಬಂದು ಕೂತಂತಿತ್ತು.

‘ಸಾರ್, ಆರನೇ ಪ್ರಶ್ನೇಲಿ ಟೈಮ್ ತಪ್ಪಾಗಿದೆ ಅಲ್ವಾ ಸಾರ್?’ ಎಂದಳು ಎದ್ದು ನಿಂತು. ‘ಇಪ್ಪತ್ತು, ಮೂವತ್ತು ಅಂತ ಇರ್ಬೇಕಿತ್ತು. ಮೂವತ್ತು, ಎಪ್ಪತ್ತು ಅಂತ ಹಾಕ್ಬಿಟ್ಟವ್ರೆ.’

ಒಂದು ಮಾತು ಸಾಕಿತ್ತು. ಟೈಮ್ ನೋಡಮ್ಮ ಎಂದರೆ ಸಾಕಿತ್ತು. ಬೆರಳನ್ನು ಆ ಸಾಲಿನ ಮೇಲೆ ಇಟ್ಟು ಒಮ್ಮೆ ತಟ್ಟಿದರೂ ಅವಳು ಹಿಡಿದುಬಿಡುತ್ತಿದ್ದಳು, ಅಷ್ಟು ಸೂಕ್ಷ್ಮ ಹುಡುಗಿ. ಹಾಲಿನಲ್ಲಿ ಬೇರೆ ಕಾಲೇಜಿನಿಂದ ಬಂದ ಮೇಲ್ವಿಚಾರಕರಿದ್ದರು, ಮೂವತ್ತು ಜನ ಬೇರೆ ಮಕ್ಕಳಿದ್ದರು, ಪಕ್ಕದಲ್ಲಿ ವಿಜಯಲಕ್ಷ್ಮಿ ಮೇಡಂ ರಿಜಿಸ್ಟರು ಬಿಚ್ಚಿ ಹಿಡಿದಿದ್ದರು.

‘ಪ್ರಶ್ನೇಲಿ ತಪ್ಪಿಲ್ಲ,’ ಎಂದರು. ದನಿ ತಮ್ಮದೇ ಎಂದು ಅನಿಸಲಿಲ್ಲ. ‘ಕೊಟ್ಟಿರೋದನ್ನ ಪೂರ್ತಿ... ಟೇಬಲ್ನ ಪೂರ್ತಿ ನೋಡ್ಕೊಂಡು...’

‘ಅಷ್ಟು ಸಾಕು ಸಾರ್,’ ಎಂದರು ಮೇಡಂ, ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ. ‘ತಿದ್ದುಪಡಿ ಇಲ್ಲ. ಎಲ್ಲರೂ ಬರೀರಿ.’

ಶಾಲಿನಿ ಒಂದು ಕ್ಷಣ ನಿಂತೇ ಇದ್ದಳು. ಆಮೇಲೆ ತಲೆಯಾಡಿಸಿದಳು. ಮೇಷ್ಟ್ರೇ ತಪ್ಪಿಲ್ಲ ಎಂದ ಮೇಲೆ ಇನ್ನೇನು ಎನ್ನುವ ನೆಮ್ಮದಿ ಅವಳ ಮುಖದಲ್ಲಿ ಕಂಡಿತು. ಕೂತು, ಸ್ಕೇಲು ತೆಗೆದು, ಗೆರೆ ಹಾಕತೊಡಗಿದಳು. ಮೇಷ್ಟ್ರು ರಿಜಿಸ್ಟರಿನಲ್ಲಿ ಸಹಿ ಹಾಕಿದರು. ಸಹಿ ಗೆರೆಯಿಂದ ಹೊರಗೆ ಹೋಯಿತು.

ಕಾರಿಡಾರಿನಲ್ಲಿ ಅವರು ಮೇಡಂ ಹಿಂದೆಯೇ ನಡೆದರು. ‘ಮೇಡಂ, ನಾನು ಪಾಠ ಮಾಡಿರೋ ರೀತೀಲೇ ಒಂದು ಕೊರತೆ ಇದೆ. ಮಕ್ಕಳು ಟೈಮ್ ಕಾಲಂ ನೋಡೋದೇ ಇಲ್ಲ. ಒಂದೇ ಒಂದು ಸಲ ಹೋಗಿ...’

‘ಸಾರ್,’ ಎಂದರು ವಿಜಯಲಕ್ಷ್ಮಿ ಮೇಡಂ. ಕೆಟ್ಟ ಹೆಂಗಸಲ್ಲ, ಅವರ ಮುಖದಲ್ಲಿ ಕನಿಕರವಿತ್ತು. ‘ನೀವೇ ನನ್ನ ಜಾಗದಲ್ಲಿದ್ರೆ ಬಿಡ್ತಿದ್ರಾ?’

ಬಿಡುತ್ತಿರಲಿಲ್ಲ. ಅದು ಗೊತ್ತಿದ್ದುದರಿಂದಲೇ ಅವರು ಹೋಗಿ ಸ್ಟಾಫ್ ರೂಮಿನಲ್ಲಿ ಕೂತರು. ಒಂದೂವರೆ ಗಂಟೆ ಹಾಗೇ ಕೂತಿದ್ದರು. ಕಾಫಿ ತಂದಿಟ್ಟದ್ದು ಕೆನೆ ಕಟ್ಟಿತು. ಎದುರಿನ ಗೋಡೆ ಗಡಿಯಾರದ ಮುಳ್ಳು ಹತ್ತು, ಇಪ್ಪತ್ತು, ಮೂವತ್ತು ಎಂದು ಸಮಸಮವಾಗಿ ಸರಿಯುತ್ತಿತ್ತು. ನೋಡಿದಷ್ಟೂ ಅವರಿಗೆ ಆ ಗಡಿಯಾರದ ಮೇಲೆ ಸಿಟ್ಟು ಬಂತು. ಯಾರ ಮೇಲೆ ಬರಬೇಕಿತ್ತೋ ಆ ಮನುಷ್ಯ ಅದರ ಎದುರಿಗೇ ಕೂತಿದ್ದ.

ಹನ್ನೆರಡಕ್ಕೆ ಗಂಟೆ ಹೊಡೆಯಿತು. ಶಾಲಿನಿ ಓಡಿಕೊಂಡೇ ಬಂದಳು. ಕೈಯಲ್ಲಿ ಪ್ರಶ್ನೆಪತ್ರಿಕೆ, ಹಣೆಯ ಮೇಲೆ ಬೆವರು.

‘ಸಾರ್, ನಿಮ್ಮ ಟೇಬಲ್ಲೇ ಬಂದಿತ್ತು! ಪೂರ್ತಿ ಬರ್ದೆ ಸಾರ್, ಹತ್ತಕ್ಕೆ ಹತ್ತು. ಟೈಮ್ ನೋಡಿ ಫಸ್ಟ್ ಗಾಬರಿ ಆಗ್ಬಿಡ್ತು, ಆಮೇಲೆ ನೀವು ಬಂದು ತಪ್ಪಿಲ್ಲ ಅಂದ್ರಲ್ಲ, ಧೈರ್ಯ ಬಂತು. ಅರ್ಧ, ಅರ್ಧ, ಅರ್ಧ. ಫಸ್ಟ್ ಆರ್ಡರ್!’

ಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ 0.0693 ಎಂದು ಬರೆದು ಸುತ್ತ ಒಂದು ಗೆರೆ ಹಾಕಿದ್ದಳು.

ಹೇಳದೆ ಬಿಡಬಹುದಿತ್ತು. ರಿಸಲ್ಟು ಬರುವವರೆಗೆ ಇನ್ನೂ ಮೂರು ವಾರ ಆ ಹುಡುಗಿ ಸಂತೋಷವಾಗಿ ಇರುತ್ತಿದ್ದಳು. ಆದರೆ ಮೇಷ್ಟ್ರಿಗೆ ಸುಳ್ಳು ನಗು ಬರಲಿಲ್ಲ, ಅವಳು ಅವರ ಮುಖ ನೋಡಿಯೇ ಸುಮ್ಮನಾದಳು. ಅವರು ಅಂಗಳದ ಕಲ್ಲುಬೆಂಚಿನ ಮೇಲೆ ಕೂತು, ಪತ್ರಿಕೆಯನ್ನು ಮಗುಚಿ, ಪೆನ್ನು ಅವಳ ಕೈಗೆ ಕೊಟ್ಟರು.

‘ಒಂದು ಕಾಲಂ ಜಾಸ್ತಿ ಹಾಕು. ವೇಗ ಅಂತ. ಮೊದಲ ಹತ್ತು ನಿಮಿಷದಲ್ಲಿ ಎಷ್ಟು ಕಮ್ಮಿ ಆಯ್ತು?’

‘0.40. ಹತ್ತರಿಂದ ಭಾಗಿಸಿದ್ರೆ ನಿಮಿಷಕ್ಕೆ 0.04.’

‘ಆಮೇಲೆ?’

‘0.20 ಕಮ್ಮಿ ಆಯ್ತು. ಹತ್ತರಿಂದ...’ ಎಂದು ನಿಲ್ಲಿಸಿದಳು. ‘ಇಲ್ಲ. ಹತ್ತರಿಂದ ಮೂವತ್ತರ ತನಕ. ಇಪ್ಪತ್ತು ನಿಮಿಷ. 0.01.’ ಪೆನ್ನು ನಿಧಾನವಾಯಿತು. ‘ಆಮೇಲೆ 0.10, ನಲವತ್ತು ನಿಮಿಷಕ್ಕೆ. 0.0025.’

ಮೂರೂ ಸಂಖ್ಯೆಯನ್ನು ಒಂದರ ಕೆಳಗೊಂದು ಬರೆದು ನೋಡಿದಳು.

‘ಸಾರತೆ ಅರ್ಧ ಆದ್ರೆ ವೇಗ ಕಾಲು ಭಾಗ ಆಗ್ತಿದೆ,’ ಎಂದಳು. ‘ಅರ್ಧ ಅಲ್ಲ. ಅರ್ಧದರ್ಧ. ಅಂದ್ರೆ ವರ್ಗ. ಸೆಕೆಂಡ್ ಆರ್ಡರ್ ಸಾರ್ ಇದು.’

‘ಹೂಂ. ಮೆಸ್ಸಲ್ಲಿ ಒಬ್ಬೊಬ್ರೇ ಎದ್ದು ಹೋಗೋ ಹಂಗಿಲ್ಲ, ಇನ್ನೊಬ್ರು ಸಿಕ್ಕಿ ಜೋಡಿಯಾದ್ರೇನೇ ಹೋಗ್ಬೇಕು ಅಂದ್ಕೊ. ಜನ ಅರ್ಧ ಆದ್ರೆ ಜೋಡಿ ಸಿಗೋದು ಕಾಲು ಭಾಗಕ್ಕೆ ಇಳಿಯುತ್ತೆ. ಸಾರತೆನ ತಲೆಕೆಳಗು ಮಾಡಿ ನೋಡು, ಒಂದನ್ನ ಅದರಿಂದ ಭಾಗಿಸಿ. 1.25, 2.5, 5, 10. ಏರಿಕೆನ ಟೈಮಿಂದ ಭಾಗಿಸು.’

‘1.25 ಹತ್ತು ನಿಮಿಷಕ್ಕೆ, 0.125. 2.5 ಇಪ್ಪತ್ತಕ್ಕೆ, 0.125. 5 ನಲವತ್ತಕ್ಕೆ... ಅದೂ 0.125.’ ಮೂರು ಸಲವೂ ಒಂದೇ ಬಂದದ್ದನ್ನು ಕಂಡು ಅವಳ ಮುಖದಲ್ಲಿ ನಗು ಮೂಡಿತು. ಒಂದು ರೀಡಿಂಗ್ ಸರಿಯಾಗಿ ಸಿಕ್ಕಾಗ ಲ್ಯಾಬಿನಲ್ಲಿ ಬರುವ ನಗು. ಅದು ಹೆಚ್ಚು ಹೊತ್ತು ಇರಲಿಲ್ಲ.

‘ಇಷ್ಟೇನಾ ಸಾರ್?’ ಎಂದಳು.

ಎರಡು ನಿಮಿಷವೂ ಹಿಡಿದಿರಲಿಲ್ಲ. ಮೇಷ್ಟ್ರು ಕಲ್ಲುಬೆಂಚಿನ ಅಂಚನ್ನು ಹಿಡಿದುಕೊಂಡು ಕೂತಿದ್ದರು.

‘ನಮ್ಮ ಕಂಪನೀಲೂ ಹಿಂಗೇ ಸಾರ್,’ ಎಂದಳು ಅವಳು, ತನಗೆ ತಾನೇ ಹೇಳಿಕೊಳ್ಳುವಂತೆ. ‘ಮಾತ್ರೆ ಎಷ್ಟು ದಿನ ಕೆಡದೆ ಇರುತ್ತೆ ಅಂತ ನೋಡಕ್ಕೆ ಸ್ಯಾಂಪಲ್ ತೆಗೀತೀವಿ. ಮೂರು ತಿಂಗಳು, ಆರು, ಒಂಬತ್ತು, ಹನ್ನೆರಡು, ಆಮೇಲೆ ಹದಿನೆಂಟು, ಇಪ್ಪತ್ನಾಲ್ಕು. ಟೈಮ್ ಸಮ ಇರೋದೇ ಇಲ್ಲ. ದಿನಾ ನಾನೇ ರಿಜಿಸ್ಟರಲ್ಲಿ ಬರೀತೀನಿ. ಟೈಮ್ ಒಂದು ತಪ್ಪಾಗಿ ಬರೆದ್ರೂ ಇಡೀ ಪೇಜ್ ವೇಸ್ಟ್ ಅಂತ ನಮ್ಮ ಸೂಪರ್ವೈಸರ್ ಬೈತಾರೆ.’ ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ಸು ಕೊಟ್ಟಳು. ‘ಪರೀಕ್ಷೇಲಿ ಮಾತ್ರ ಟೈಮ್ ಸುಮ್ನೆ ಚೆಂದಕ್ಕೆ ಅಂದ್ಕೊಂಡ್‌ಬಿಟ್ಟೆ.’

ಅವಳು ಚುಚ್ಚಿ ಆಡಿದ ಮಾತಲ್ಲ ಅದು. ಬೈದಿದ್ದರೆ ಮೇಷ್ಟ್ರಿಗೆ ಅಷ್ಟು ನೋವಾಗುತ್ತಿರಲಿಲ್ಲ.

‘ಸ್ಟೆಪ್ ಮಾರ್ಕ್ಸ್ ಕೊಡ್ತಾರಾ ಸಾರ್?’

‘ಟೇಬಲ್ ಬರೆದಿದ್ದಕ್ಕೆ ಒಂದೋ ಎರಡೋ ಕೊಡ್ಬಹುದು.’

‘ಹಂಗಾದ್ರೆ ಹದಿನೇಳೋ ಹದಿನೆಂಟೋ,’ ಎಂದು ಅವಳು ಲೆಕ್ಕ ಹಾಕಿದಳು. ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ‘ಅಮ್ಮಂಗೆ ಇವಾಗ್ಲೇ ಹೇಳಲ್ಲ. ಬರ್ತೀನಿ ಸಾರ್.’ ಮಧ್ಯಾಹ್ನದ ಪಾಳಿಗೆ ಕಂಪನಿಗೆ ಹೋಗಬೇಕಿತ್ತು. ಗೇಟಿನ ತನಕ ನಡೆದು, ತಿರುಗಿ ನೋಡದೆ, ಬಸ್ ಸ್ಟಾಪಿನ ಕಡೆ ಹೋದಳು.

ಆ ಮೂರು ವಾರ ಮೇಷ್ಟ್ರು ಸುಮ್ಮನೆ ಕೂರಲಿಲ್ಲ ಎಂದು ಹೇಳಬೇಕು, ಕೂತಿದ್ದರೂ ಆಗುತ್ತಿದ್ದುದು ಅಷ್ಟೇ. ಪ್ರಿನ್ಸಿಪಾಲರ ಬಳಿ ಹೋಗಿ ತಪ್ಪು ತಮ್ಮದೆಂದು ಹೇಳಿದರು. ಪ್ರಿನ್ಸಿಪಾಲರು, ‘ನೀವಾ? ಬಿಡಿ ಸಾರ್, ನಿಮ್ಮ ಪಾಠಕ್ಕೇ ಅವಾರ್ಡ್ ಕೊಡ್ಬೇಕು,’ ಎಂದು ಬೆನ್ನು ತಟ್ಟಿದರು. ಆ ಪ್ರಶ್ನೆಗೆ ಕೃಪಾಂಕ ಕೇಳಿ ಮೇಷ್ಟ್ರು ಅರ್ಜಿ ಬರೆದುಕೊಟ್ಟರು, ಪ್ರಶ್ನೆ ಸರಿಯಾಗಿದ್ದಾಗ ಅರ್ಜಿಗೆ ಅರ್ಥವಿಲ್ಲವೆಂದು ವಾಪಸ್ಸು ಬಂತು. ಕೊನೆಗೆ ಶಾಲಿನಿಯ ಕಂಪನಿಯ ಲ್ಯಾಬಿನ ಮುಖ್ಯಸ್ಥರಿಗೆ ಫೋನು ಮಾಡಿ, ಈ ಹುಡುಗಿಗೆ ವಿಷಯ ಚೆನ್ನಾಗಿ ಗೊತ್ತು, ದಯವಿಟ್ಟು ಇನ್ನೊಂದು ಪರೀಕ್ಷೆಯವರೆಗೆ ಇಟ್ಟುಕೊಳ್ಳಿ ಎಂದು ಕೇಳಿಕೊಂಡರು. ‘ನಮಗೂ ಗೊತ್ತು ಸಾರ್ ಅವಳ ಕೆಲಸ. ಆದ್ರೆ ಆಡಿಟ್ನೋರು ಕೆಲಸ ನೋಡಲ್ಲ, ಸರ್ಟಿಫಿಕೇಟ್ ನೋಡ್ತಾರೆ,’ ಎಂದರು ಅವರು. ಹೊಸ ಬ್ಯಾಚಿಗೆ ಆ ಪಾಠ ತೆಗೆದುಕೊಳ್ಳುವ ದಿನ ಬಂತು, ಬೋರ್ಡಿನ ಮೇಲೆ ಕಾಲ ಎಂದು ಬರೆದು ಅದರ ಕೆಳಗೆ ಏನೂ ಬರೆಯಲಾಗದೆ, ತಲೆನೋವೆಂದು ಹೇಳಿ ಕ್ಲಾಸು ಬಿಟ್ಟರು. ಮಕ್ಕಳು ಖುಷಿಯಿಂದ ಎದ್ದು ಹೋದರು.

ರಿಸಲ್ಟು ಬಂತು. ಶಾಲಿನಿಗೆ ಹತ್ತೊಂಬತ್ತು. ಅವಳು ಹಾಕಿದ ಲೆಕ್ಕಕ್ಕಿಂತ ಒಂದು ಹೆಚ್ಚೇ. ಶನಿವಾರದ ಐದು ಜನರಲ್ಲಿ ಒಬ್ಬನೇ ಪಾಸಾದ, ಅವನಿಗೆ ಆರ್ಗ್ಯಾನಿಕ್ ಬರುತ್ತಿತ್ತು. ಆರನೇ ಪ್ರಶ್ನೆಗೆ ಐವರೂ ಫಸ್ಟ್ ಆರ್ಡರ್ ಎಂದೇ ಬರೆದಿದ್ದರು. ಆಗಸ್ಟ್ ಕೊನೆಗೆ ಕಂಪನಿಯವರು ಶಾಲಿನಿಯನ್ನು ಬಿಡಿಸಿದರು.

ಸೆಪ್ಟೆಂಬರಿನ ಮೊದಲ ವಾರ ಒಂದು ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಹೆಂಗಸು ಚಪ್ಪಲಿ ಕಳಚಿ ನಿಂತಿದ್ದರು. ಕೈಯಲ್ಲಿ ಸ್ಟೀಲಿನ ಡಬ್ಬಿ. ಬೆರಳುಗಳ ತುದಿ ತರಕಾರಿ ಹೆಚ್ಚಿ ಹೆಚ್ಚಿ ಕಪ್ಪಾಗಿತ್ತು.

‘ನಾನು ಶಾಲಿನಿ ಅಮ್ಮ ಸಾರ್, ಈಶ್ವರಮ್ಮ.’

ಮೇಷ್ಟ್ರು ದಡಬಡಿಸಿ ಎದ್ದು ಕುರ್ಚಿ ಎಳೆದರು. ಆಕೆ ಕೂರಲಿಲ್ಲ.

‘ಟಿ.ಸಿ. ಇಸ್ಕೊಂಡ್ ಹೋಗಣ ಅಂತ ಬಂದೆ ಸಾರ್. ಅವಳು ಬರಕ್ಕೆ ಆಗಲಿಲ್ಲ, ನಮ್ಮ ಪಿಜೀಲೇ ಸೇರ್ಕೊಂಡವ್ಳೆ, ನನ್ ಜೊತೆ ಅಡುಗೆ ಮನೇಲಿ. ಹಂಗೇ ನಿಮ್ಮನ್ನ ನೋಡ್ಕೊಂಡು ಹೋಗಣ ಅಂತ.’ ಡಬ್ಬಿಯನ್ನು ಮೇಜಿನ ಮೇಲಿಟ್ಟರು. ‘ಒಬ್ಬಟ್ಟು ಸಾರ್. ದುಡ್ಡು ಕಾಸು ತಗೊಳ್ದೆ ಶನಿವಾರ ಶನಿವಾರ ಕೂರಿಸ್ಕೊಂಡು ಹೇಳ್ಕೊಟ್ರಂತೆ. ಯಾರ್ ಮಾಡ್ತಾರೆ ಇವತ್ತಿನ ಕಾಲದಲ್ಲಿ? ಸಾರ್ ಹೇಳ್ಕೊಟ್ಟಿದ್ದೇ ಬಂದಿತ್ತಮ್ಮ, ನಾನೇ ಗಾಬರೀಲಿ ತಪ್ಪು ಬರ್ದೆ ಅಂತ ಅತ್ಕೊಂಡ್ಲು.’

ಶಾಲಿನಿ ತಾಯಿಗೆ ಹಾಗೆ ಹೇಳಿದ್ದಳು.

ಈಗಲೂ ಸುಮ್ಮನಿದ್ದರೆ ತಾವು ಮನುಷ್ಯರೇ ಅಲ್ಲ ಎನ್ನಿಸಿತು ಮೇಷ್ಟ್ರಿಗೆ.

‘ಇಲ್ಲ ತಾಯಿ, ಅವಳದ್ದು ಏನೂ ತಪ್ಪಿಲ್ಲ. ನಾನು ಹೆಂಗೆ ಹೇಳ್ಕೊಟ್ಟಿದ್ನೋ ಹಂಗೇ ಬರೆದ್ಲು. ತಪ್ಪು ನಂದು. ನಾನು ಹೇಳ್ಕೊಟ್ಟಿದ್ದೇ ಸರಿ ಇರ್ಲಿಲ್ಲ.’

ಈಶ್ವರಮ್ಮ ಅವರ ಮುಖ ನೋಡಿದರು. ಆಮೇಲೆ ಎರಡೂ ಕೈ ಜೋಡಿಸಿದರು.

‘ಅಯ್ಯೋ, ದೊಡ್ಡೋರು ಸಾರ್ ನೀವು. ಮಕ್ಕಳ ತಪ್ಪನ್ನ ನಿಮ್ಮ ಮೇಲೆ ಹಾಕ್ಕೋತೀರ,’ ಎಂದರು. ‘ಅವಳೂ ಇದನ್ನೇ ಹೇಳಿದ್ಲು, ಸಾರ್ ಹಿಂಗೇ ಅಂತಾರೆ, ನೀನು ನಂಬಬೇಡ ಅಂತ.’

ಚಪ್ಪಲಿ ಮೆಟ್ಟಿಕೊಂಡು ಹೊರಟರು. ನಾಲ್ಕು ಹೆಜ್ಜೆ ಹೋದವರು ನಿಂತು, ತಿರುಗಿ, ಡಬ್ಬಿ ವಾಪಸ್ ಕೊಡುವ ಅವಸರವೇನಿಲ್ಲ ಎಂದರು.